ಕಡಲ ಮೇಲಿನ ಪ್ರಶ್ನಾರ್ಥಕ ಚಿಹ್ನೆಗಳು

ಓಪನ್ ವರ್ಲ್ಡ್ ವಿಡಿಯೊ ಗೇಮ್‌ಗಳಲ್ಲಿ ಊರು, ಕಾಡು, ಬೆಟ್ಟ, ಕಡಲು ಎಲ್ಲವೂ ಒಂದೇ ನೆಲವಾಗಿ ಹರಡಿರುತ್ತವೆ. ಯಾವ ದಿಕ್ಕಿಗೆ ಹೊರಡಬೇಕೆಂಬುದು ಆಟಗಾರನಿಗೆ ಬಿಟ್ಟದ್ದು. ಆದರೆ ಮ್ಯಾಪ್ ತೆರೆದೊಡನೆ ಆ ನೆಲವೇ ಕಾಣದಷ್ಟು ಚಿಹ್ನೆಗಳು ಎದುರಾಗುತ್ತವೆ: ಪೆಟ್ಟಿಗೆ, ಗೋಪುರ, ಶತ್ರುಗಳ ಠಾಣೆ, ಪ್ರಶ್ನಾರ್ಥಕ ಚಿಹ್ನೆ. ಕೆಲವರು ಅವನ್ನು ಒಂದೊಂದಾಗಿ ಅಳಿಸುತ್ತಾ ಹೋಗುವುದರಲ್ಲೇ ಸುಖ ಕಾಣುತ್ತಾರೆ. ಇನ್ನು ಕೆಲವರು ಮ್ಯಾಪ್ ನೋಡಿಯೇ ದಣಿದು ಆಟ ಬಿಡುತ್ತಾರೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರಲ್ಲಿ ಹೊರತಂದ ‘ದಿ ವಿಚರ್ 3’ ಆಟದ ಸ್ಕೆಲಿಗೆ ದ್ವೀಪಗಳನ್ನು ನೋಡಿದರೆ ಈ ಎರಡೂ ಯಾಕೆ ಆಗುತ್ತವೆಂದು ತಿಳಿಯುತ್ತದೆ.

ಮೊದಲು ಇದ್ದದ್ದು ಗುಟ್ಟು

2001ರ ‘ಗ್ರ್ಯಾಂಡ್ ಥೆಫ್ಟ್ ಆಟೋ 3’ರಲ್ಲಿ 100 ಪೊಟ್ಟಣಗಳನ್ನು ನಗರದ ತುಂಬ ಅಡಗಿಸಿಟ್ಟಿದ್ದರು. ಅವು ಎಲ್ಲಿವೆ ಎಂದು ಆಟ ಹೇಳುತ್ತಿರಲಿಲ್ಲ. ಸಿಕ್ಕವರಿಗೆ ಸಿಕ್ಕಿತು, ಸಿಗದವರಿಗೆ ಅವು ಇದ್ದದ್ದೂ ಗೊತ್ತಾಗಲಿಲ್ಲ. 2007ರ ‘ಅಸ್ಯಾಸಿನ್ಸ್ ಕ್ರೀಡ್’ ಈ ಪದ್ಧತಿಗೆ ಹೊಸತೊಂದನ್ನು ಸೇರಿಸಿತು. ಎತ್ತರದ ಗೋಪುರ ಹತ್ತಿ ಸುತ್ತ ಕಣ್ಣಾಡಿಸಿದರೆ ಅಲ್ಲಿನ ಕೆಲಸಗಳು ಮ್ಯಾಪಿನಲ್ಲಿ ಮೂಡುತ್ತವೆ. 2012ರ ‘ಫಾರ್ ಕ್ರೈ 3’ರಲ್ಲಿ 18 ರೇಡಿಯೊ ಗೋಪುರಗಳು ಇದೇ ಕೆಲಸ ಮಾಡಿದವು. ಮುಂದೆ ಇದು ಇಡೀ ಪ್ರಕಾರದ ರೂಢಿಯಾಯಿತು.

ಗೋಪುರ ಹತ್ತುವುದು ಚೆನ್ನಾಗಿಯೇ ಇದೆ. ಆದರೆ ಕೆಳಗಿಳಿಯುವಾಗ ನಮ್ಮ ಕೈಯಲ್ಲಿರುವುದು ಒಂದು ಪಟ್ಟಿ. ಹತ್ತುವ ಮೊದಲು ‘ಅಲ್ಲಿ ಏನಿರಬಹುದು’ ಎಂಬ ಕುತೂಹಲವಿತ್ತು, ಇಳಿದ ಮೇಲೆ ‘ಇನ್ನೆಷ್ಟು ಉಳಿದಿದೆ’ ಎಂಬ ಲೆಕ್ಕ ಶುರುವಾಗುತ್ತದೆ.

ಖಾಲಿ ನೆಲದ ಭಯ

ದೊಡ್ಡ ಜಗತ್ತು ಕಟ್ಟುವವರಿಗೆ ಮೊದಲ ತಲೆನೋವು ದೂರ. ಕಥೆ ನಡೆಯುವ ಎರಡು ಜಾಗಗಳ ನಡುವೆ ಕುದುರೆ ಓಡಿಸಿದರೂ ಕೆಲವು ನಿಮಿಷ ಬೇಕು. ಆ ಹೊತ್ತಿನಲ್ಲಿ ಏನೂ ಆಗದಿದ್ದರೆ ಜಗತ್ತು ಸತ್ತಂತೆ ಕಾಣುತ್ತದೆ. ವಿಚರ್ 3 ತಂಡದವರು ಇದಕ್ಕೆ ಒಂದು ಅಳತೆ ಇಟ್ಟುಕೊಂಡಿದ್ದರು: ಸುಮಾರು 40 ಸೆಕೆಂಡಿಗೊಮ್ಮೆ ಆಟಗಾರನ ಗಮನ ಸೆಳೆಯುವುದೊಂದು ಕಾಣಬೇಕು. ಅದು ಜಿಂಕೆಗಳ ಹಿಂಡಾಗಬಹುದು, ದಾರಿಹೋಕರಾಗಬಹುದು, ಶತ್ರುಗಳಾಗಬಹುದು.

ಎರಡನೆಯ ಕಾರಣ ಖರ್ಚು. ಸಂಭಾಷಣೆ, ನಟನೆ, ಕವಲೊಡೆಯುವ ಕಥೆ ಇರುವ ಒಂದು ಕ್ವೆಸ್ಟ್ ಬರೆದು ಮುಗಿಸಲು ತುಂಬ ಕಾಲ ಹಿಡಿಯುತ್ತದೆ. ಆದರೆ ಒಂದು ಪೆಟ್ಟಿಗೆ, ಅದರ ಸುತ್ತ ನಾಲ್ಕು ಶತ್ರುಗಳು, ಮೇಲೊಂದು ಚಿಹ್ನೆ ಎಂಬ ಅಚ್ಚು ಒಮ್ಮೆ ಸಿದ್ಧವಾದರೆ ಅದನ್ನು ಬೇಕಾದಷ್ಟು ಕಡೆ ಒತ್ತಬಹುದು. ಮೊದಲ ಅಸ್ಯಾಸಿನ್ಸ್ ಕ್ರೀಡ್‌ನಲ್ಲಿ ಕೆಲಸ ಮಾಡಿದ ಚಾರ್ಲ್ಸ್ ರ್‍ಯಾಂಡಲ್ 2020ರಲ್ಲಿ ಒಂದು ಸಂಗತಿ ಹೇಳಿಕೊಂಡರು. ಆಟ ಹೆಚ್ಚುಕಡಿಮೆ ಸಿದ್ಧವಾದ ಮೇಲೆ ‘ಮಾಡಲು ಏನೂ ಇಲ್ಲ, ಬೇಜಾರು’ ಎಂಬ ದೂರು ಬಂತಂತೆ. ತಂಡ ಐದೇ ದಿನಗಳಲ್ಲಿ ಪಕ್ಕದ ಕೆಲಸಗಳನ್ನೆಲ್ಲ ಸೇರಿಸಬೇಕಾಯಿತಂತೆ. ಅಚ್ಚು ಇಲ್ಲದೆ ಐದು ದಿನಗಳಲ್ಲಿ ನಗರಗಳನ್ನು ತುಂಬಲಾಗದು.

ಇಷ್ಟು ದುಡಿದು ಇಟ್ಟದ್ದನ್ನು ಆಟಗಾರ ನೋಡದೆ ಹೋಗಬಾರದೆಂಬ ಆಸೆಯೂ ತಯಾರಕರಿಗೆ ಸಹಜ. ಚಿಹ್ನೆ ಹಾಕುವುದು ಅದಕ್ಕಾಗಿ.

ಸ್ಕೆಲಿಗೆಯ ಪೀಪಾಯಿಗಳು

ವಿಚರ್ 3ರಲ್ಲಿ ಊರಿನ ನೋಟಿಸ್ ಬೋರ್ಡ್ ಓದಿದರೆ ಸುತ್ತಲಿನ ಜಾಗಗಳು ಮ್ಯಾಪಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮೂಡುತ್ತವೆ. ವೆಲೆನ್ ಎಂಬ ಬಯಲು ಸೀಮೆಯಲ್ಲಿ ಇದು ಒಪ್ಪುತ್ತದೆ. ಹೋಗುವ ದಾರಿಯ ಪಕ್ಕದಲ್ಲೇ ಒಂದೆರಡು ಸಿಗುತ್ತವೆ. ಸ್ಕೆಲಿಗೆ ದ್ವೀಪಗಳಿಗೆ ಬಂದಾಗ ಅವೇ ಚಿಹ್ನೆಗಳು ಕಡಲ ಮೇಲೆಲ್ಲ ಚೆಲ್ಲಿಕೊಳ್ಳುತ್ತವೆ.

ಇವುಗಳಲ್ಲಿ ಬಹುಪಾಲು ಕಳ್ಳಸಾಗಣೆದಾರರು ಬಿಟ್ಟುಹೋದ ಸರಕು. ಒಂದನ್ನು ಮುಗಿಸಲು ಏನೇನು ಮಾಡಬೇಕು ನೋಡಿ. ದೋಣಿ ಹಿಡಿದು ತೇಲುವ ಪೀಪಾಯಿಗಳ ಬಳಿ ಹೋಗಬೇಕು. ಅಲ್ಲಿ ಸೈರನ್ ಎಂಬ ಹಾರುವ ರಾಕ್ಷಸಿಯರು ಮೇಲೆರಗಿ ದೋಣಿಯನ್ನೂ ಹಾಳುಗೆಡಹುತ್ತಾರೆ. ಅವರನ್ನು ಅಡ್ಡಬಿಲ್ಲಿನಿಂದ ಹೊಡೆದುರುಳಿಸಬೇಕು. ಆಮೇಲೆ ಮುಳುಗಿ ಸರಕು ತೆಗೆದು, ಮತ್ತೆ ದೋಣಿ ಹತ್ತಿ ಮುಂದಿನ ಪೀಪಾಯಿಯತ್ತ ಸಾಗಬೇಕು. ಸಿಗುವುದು ಹೆಚ್ಚಾಗಿ ಮಾರಬಹುದಾದ ಕತ್ತಿ, ಕವಚ, ಚಿಲ್ಲರೆ ಸಾಮಾನು. ಸ್ವಲ್ಪ ಹೊತ್ತಿಗೆ ನಾಯಕ ಗೆರಾಲ್ಟ್ ಹೊರುವ ಮಿತಿ ಮೀರಿ, ಓಡಲೂ ಆಗದೆ ಅಂಗಡಿ ಹುಡುಕಬೇಕಾಗುತ್ತದೆ. ಮೊದಲ ಎರಡು ಸಲ ಇದು ಸಾಹಸ. ಹತ್ತನೆಯ ಸಲ ಕೂಲಿ.

ಹಾಗಾದರೆ ಬಿಟ್ಟುಬಿಡಬಹುದಲ್ಲ? ಇಲ್ಲೇ ತೊಡಕು. ದ್ವೀಪಗಳ ಮೇಲಿರುವ ಶಕ್ತಿಸ್ಥಳವೂ ದೂರದಿಂದ ಅದೇ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತದೆ. ಅದನ್ನು ಮುಟ್ಟಿದರೆ ಒಂದು ಸಾಮರ್ಥ್ಯದ ಅಂಕ ಸಿಗುತ್ತದೆ, ಅದು ನಿಜಕ್ಕೂ ಬೆಲೆಯುಳ್ಳದ್ದು. ಒಳಗೆ ಕಾಳಿದೆಯೋ ಜೊಳ್ಳಿದೆಯೋ ಚಿಹ್ನೆ ಹೇಳುವುದಿಲ್ಲ, ‘ಇಲ್ಲಿ ಏನೋ ಇದೆ’ ಎಂದಷ್ಟೇ ಹೇಳುತ್ತದೆ. ಹಾಗಾಗಿ ಆಟಗಾರ ಯಾವುದನ್ನೂ ನೆಮ್ಮದಿಯಿಂದ ಬಿಡಲಾರ.

ಬಾಕಿಯ ಭಾರ

1927ರಲ್ಲಿ ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಸಣ್ಣಸಣ್ಣ ಕೆಲಸ ಕೊಟ್ಟು, ಅರ್ಧದಷ್ಟನ್ನು ನಡುವೆಯೇ ತಡೆದಾಗ, ಮುಗಿದವುಗಳಿಗಿಂತ ನಿಂತುಹೋದವುಗಳನ್ನೇ ಅವರು ಹೆಚ್ಚು ನೆನಪಿಟ್ಟಿದ್ದರು. ಆಮೇಲೆ ಇದನ್ನು ಮತ್ತೆ ಮಾಡಿ ನೋಡಿದ ಎಲ್ಲರಿಗೂ ಅದೇ ಫಲಿತಾಂಶ ಸಿಕ್ಕಿಲ್ಲ. ಆದರೂ ಬಾಕಿ ಕೆಲಸ ಮನಸ್ಸನ್ನು ಕೆದಕುತ್ತದೆ ಎಂಬುದು ಮ್ಯಾಪ್ ನೋಡುವವರಿಗೆ ಅಪರಿಚಿತವಲ್ಲ. ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಇನ್ನೊಂದು ಮುಖ ತೋರಿಸಿದರು: ಬಾಕಿ ಕೆಲಸವನ್ನು ಯಾವಾಗ, ಹೇಗೆ ಮಾಡುತ್ತೇವೆಂದು ಸ್ಪಷ್ಟವಾಗಿ ನಿಶ್ಚಯಿಸಿಕೊಂಡರೆ, ಅದು ಮುಗಿಯದೆಯೂ ಕಾಟ ಕಡಿಮೆಯಾಗುತ್ತದೆ.

ಪ್ರಶ್ನಾರ್ಥಕ ಚಿಹ್ನೆ ಈ ದಾರಿಯನ್ನೇ ಮುಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ. ಒಳಗೇನಿದೆ ಎಂದು ತಿಳಿಯದ ಕೆಲಸಕ್ಕೆ ನಿಶ್ಚಯವೆಲ್ಲಿಂದ ಬರಬೇಕು? ಆಟಗಾರ ಕಥೆಯತ್ತ ಹೊರಟರೆ ಕಡಲು ಕರೆಯುತ್ತದೆ, ಕಡಲಿಗಿಳಿದರೆ ಕಥೆ ಮರೆಯುತ್ತದೆ. ಚಿಹ್ನೆಗಳು ಆಟಗಾರನಿಗೆ ಹೊರೆಯಾಗಿವೆಯೋ ಇಲ್ಲವೋ ಎಂದು ಗುರುತಿಸುವುದು ಸುಲಭ: ಅವನು ಪರದೆಯ ಮೇಲಿನ ಬೆಟ್ಟವನ್ನು ನೋಡುವುದು ಬಿಟ್ಟು, ಮೂಲೆಯ ಪುಟ್ಟ ಮ್ಯಾಪನ್ನೇ ನೋಡುತ್ತಾ ನಡೆಯತೊಡಗುತ್ತಾನೆ.

900 ಬೀಜಗಳು ಯಾಕೆ ಭಾರವಾಗಲಿಲ್ಲ

ಕೆಲಸಗಳ ಸಂಖ್ಯೆಯೊಂದೇ ಕಾರಣವಾಗಿದ್ದರೆ, ನಿಂಟೆಂಡೊ 2017ರಲ್ಲಿ ತಂದ ‘ಬ್ರೆತ್ ಆಫ್ ದಿ ವೈಲ್ಡ್’ ಎಲ್ಲಕ್ಕಿಂತ ದಣಿಸಬೇಕಿತ್ತು. ಅದರಲ್ಲಿ 900 ಕೊರೊಕ್ ಬೀಜಗಳಿವೆ. ಆದರೆ ಅವು ಮೊದಲೇ ಮ್ಯಾಪಿನಲ್ಲಿ ಕಾಣುವುದಿಲ್ಲ. ದಾರಿಯಲ್ಲಿ ಕಲ್ಲುಗಳ ವೃತ್ತವೊಂದು ಕಂಡು, ಅದರಲ್ಲಿ ಒಂದು ಕಲ್ಲು ಕಡಿಮೆಯಿದೆಯೆಂದು ಗಮನಕ್ಕೆ ಬಂದರೆ, ತಂದು ಇಟ್ಟವರಿಗೆ ಬೀಜ. ಸಾಮಾನಿನ ಚೀಲವನ್ನು ಪೂರ್ತಿ ದೊಡ್ಡದು ಮಾಡಿಕೊಳ್ಳಲು 441 ಸಾಕು. ಮ್ಯಾಪ್ ಎಷ್ಟು ಶೇಕಡಾ ಮುಗಿದಿದೆ ಎಂಬ ಅಂಕಿ ಕೊನೆಯ ಶತ್ರು ಸೋತ ಮೇಲಷ್ಟೇ ಕಾಣಿಸಿಕೊಳ್ಳುತ್ತದೆ. ಗುರುತು ಬೇಕೆನಿಸಿದರೆ ಆಟಗಾರ ತಾನೇ ಮ್ಯಾಪಿಗೆ ಮುದ್ರೆ ಹಾಕಿಕೊಳ್ಳುತ್ತಾನೆ. ತಾನು ಹಾಕಿದ ಗುರುತು ತನ್ನ ನಿರ್ಧಾರ, ಬೇರೆಯವರು ಹೊರಿಸಿದ ಬಾಕಿಯಲ್ಲ.

ಇದಕ್ಕೂ ಮಿತಿಯಿದೆ. ಗುರುತು ಇಲ್ಲದಿದ್ದರೆ ನೆಲವೇ ಕಣ್ಸೆಳೆಯುವಂತಿರಬೇಕು, ಬೆಟ್ಟದ ಆಕಾರ, ದೂರದ ಬೆಳಕು, ಹೊಗೆ ಎಲ್ಲವನ್ನೂ ಲೆಕ್ಕಹಾಕಿ ಇಡಬೇಕು. ಸಿದ್ಧವಾದ ಆಟದ ಚಿಹ್ನೆಗಳನ್ನು ಸುಮ್ಮನೆ ಅಳಿಸಿದರೆ ಆಟಗಾರ ದಾರಿ ತಪ್ಪುತ್ತಾನೆ, ಅಷ್ಟೆ. ಯೂಬಿಸಾಫ್ಟ್ 2018ರ ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ಯಲ್ಲಿ ನಡುದಾರಿ ಹಿಡಿಯಿತು. ಅದರ ಒಂದು ಆಯ್ಕೆಯಲ್ಲಿ ಗುರಿಯ ಮೇಲೆ ನೇರ ಚಿಹ್ನೆ ಇರುವುದಿಲ್ಲ. ಯಾವ ಸೀಮೆಯಲ್ಲಿದೆ, ಯಾವ ಜಾಗದ ಯಾವ ದಿಕ್ಕಿಗಿದೆ ಎಂಬ ಸುಳಿವು ಮಾತ್ರ ಸಿಗುತ್ತದೆ.

ವಿಚರ್ 3 ತಂಡವೂ ಏಳು ವರ್ಷಗಳ ಬಳಿಕ ಈ ಕಡೆ ತಿರುಗಿತು. 2022ರ ಡಿಸೆಂಬರಿನ ಅಪ್‌ಡೇಟ್‌ನಲ್ಲಿ ಮ್ಯಾಪಿಗೆ ಹೊಸ ಫಿಲ್ಟರ್ ಬಂತು. ತಾನಾಗಿ ತೆರೆಯುವ ನೋಟದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೂ ದೋಣಿಯ ಚಿಹ್ನೆಗಳೂ ಮರೆಯಾಗಿರುತ್ತವೆ. ಬೇಕಾದವರು ಎಲ್ಲವನ್ನೂ ತೋರಿಸುವ ನೋಟಕ್ಕೆ ಬದಲಿಸಿಕೊಳ್ಳಬಹುದು. ಪೀಪಾಯಿಗಳು ಇದ್ದಲ್ಲೇ ತೇಲುತ್ತಿವೆ, ಸೈರನ್‌ಗಳೂ ಅಲ್ಲೇ ಸುಳಿಯುತ್ತಿವೆ. ದೋಣಿಯಲ್ಲಿ ಹೋಗುವಾಗ ಕಣ್ಣಿಗೆ ಬಿದ್ದರೆ ನಿಲ್ಲಬಹುದು.