ಸ್ಪ್ಯಾನಿಷ್ ಭಾಷೆಯ ಎರಡು ಭೂತರೂಪಗಳು: ಬಳಕೆಯ ಇತಿಹಾಸ

ಮುಗಿದ ಕೆಲಸವನ್ನು ಹೇಳಲು ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾರೂಪಗಳಿವೆ. ಒಂದೇ ಪದದ 'ಕೊಮೀ' (ತಿಂದೆ) ಸರಳ ಭೂತರೂಪ. ಸಹಾಯಕ ಕ್ರಿಯಾಪದ ಸೇರಿದ 'ಎ ಕೊಮೀದೊ' (ತಿಂದಿದ್ದೇನೆ) ಸಂಯುಕ್ತ ಭೂತರೂಪ. ಇವೆರಡರಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಎಂಬುದಕ್ಕೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತವೆ: ಇಂದಿನದಕ್ಕೆ ಸಂಯುಕ್ತ, ನಿನ್ನೆಯದಕ್ಕೆ ಸರಳ ಎಂಬುದು ಒಂದು, ಸ್ಪೇನ್‌ನಲ್ಲಿ ಸಂಯುಕ್ತ, ಅಮೆರಿಕ ಖಂಡದಲ್ಲಿ ಸರಳ ಎಂಬುದು ಇನ್ನೊಂದು. ಮೊದಲನೆಯದು ಮುಖ್ಯವಾಗಿ ಮ್ಯಾಡ್ರಿಡ್ ಮತ್ತು ಅದರ ಸುತ್ತಿನ ಸ್ಪೇನ್‌ನ ಮಾತಿಗೆ ಹೊಂದುತ್ತದೆ. ಎರಡನೆಯದು ಸ್ಪೇನ್‌ನ ವಾಯವ್ಯ ಭಾಗಕ್ಕೂ ಹೊಂದುವುದಿಲ್ಲ, ಬೊಲಿವಿಯಾಕ್ಕೂ ಹೊಂದುವುದಿಲ್ಲ. ಧ್ವನಿಮುದ್ರಿತ ಮಾತನ್ನು ಎಣಿಸಿ ನೋಡುವ ಪದ್ಧತಿ 20ನೇ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಮೇಲೆ ಈ ಎರಡೂ ಉತ್ತರಗಳು ತಿದ್ದುಪಡಿಗೆ ಒಳಗಾಗಿವೆ.

ಎರಡೂ ರೂಪಗಳ ಮೂಲ ಲ್ಯಾಟಿನ್. ಸರಳ ರೂಪ ಅಲ್ಲಿನ ಭೂತರೂಪದಿಂದ ನೇರವಾಗಿ ಇಳಿದು ಬಂದದ್ದು. ಸಂಯುಕ್ತ ರೂಪ ಹುಟ್ಟಿದ್ದು 'ಬರೆದ ಪತ್ರಗಳು ನನ್ನ ಬಳಿ ಇವೆ' ಎಂಬ ಬಗೆಯ, ಒಡೆತನವನ್ನು ಸೂಚಿಸುವ ವಾಕ್ಯದಿಂದ. ಆ ಅರ್ಥದ ಗುರುತು ಹಳೆಯ ಕ್ಯಾಸ್ಟಿಲಿಯನ್‌ನಲ್ಲಿ ಬಹುಕಾಲ ಉಳಿದಿತ್ತು. 1200ರ ಆಸುಪಾಸಿನ 'ಮಿಯೊ ಸಿದ್' ಕಾವ್ಯದಲ್ಲಿ ಕೃದಂತ ಅನೇಕ ಕಡೆ ಕರ್ಮಪದದ ಲಿಂಗ, ವಚನಗಳನ್ನು ಅನುಸರಿಸುತ್ತದೆ. ಬರುವುದು, ಹೋಗುವುದು ಮೊದಲಾದ ಕ್ರಿಯೆಗಳಿಗೆ 17ನೇ ಶತಮಾನದವರೆಗೂ 'ಇರು' ಎಂಬರ್ಥದ ಬೇರೊಂದು ಸಹಾಯಕ ಪದ ಸೇರುತ್ತಿತ್ತು. ಒಡೆತನದ ಅರ್ಥ 'ತೆನೇರ್' ಎಂಬ ಇನ್ನೊಂದು ಕ್ರಿಯಾಪದದ ಪಾಲಾದ ಮೇಲೆ 'ಅಬೇರ್' ಕೇವಲ ಸಹಾಯಕವಾಗಿ ಉಳಿಯಿತು, ಕೃದಂತವೂ ಒಂದೇ ರೂಪಕ್ಕೆ ನಿಂತಿತು.

ವ್ಯಾಕರಣಕಾರರಲ್ಲಿ ಆಂತೋನಿಯೊ ದೆ ನೆಬ್ರಿಹಾ 1492ರಲ್ಲಿಯೇ ಈ ಸುತ್ತುಬಳಸಿನ ರೂಪವನ್ನು ಗುರುತಿಸಿದ್ದ. ಆದರೆ ಇಂದಿಗೂ ಉಪಯೋಗಕ್ಕೆ ಬರುವ ವಿವರಣೆ ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ್ದ ಆಂದ್ರೆಸ್ ಬೆಯೊ ಅವರದು. 1847ರಲ್ಲಿ ಅಮೆರಿಕನ್ನರ ಬಳಕೆಗಾಗಿ ಬರೆದ ವ್ಯಾಕರಣದಲ್ಲಿ ಅವರು ಸಂಯುಕ್ತ ರೂಪವನ್ನು 'ವರ್ತಮಾನಕ್ಕೆ ಮುಂಚಿನದು' ಎಂದು ಕರೆದರು. ರೋಮ್ ಲೋಕದ ಒಡತಿಯಾದದ್ದನ್ನು ಹೇಳಲು ಸರಳ ರೂಪ ಬೇಕು, ಏಕೆಂದರೆ ಆ ಒಡೆತನ ಮುಗಿದುಹೋಗಿದೆ. ಇಂಗ್ಲೆಂಡ್ ಕಡಲಿನ ಒಡತಿಯಾದದ್ದಕ್ಕೆ ಸಂಯುಕ್ತ ರೂಪ ಬೇಕು, ಏಕೆಂದರೆ ಅದು ಇನ್ನೂ ನಡೆಯುತ್ತಿದೆ ಎಂಬುದು ಅವರ ಪ್ರಸಿದ್ಧ ಉದಾಹರಣೆಯ ತಿರುಳು. ಇಂದು, ನಿನ್ನೆ ಎಂಬ ಗಡಿಯಾರದ ಲೆಕ್ಕ ಇಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು.

ಮೊದಲ ದೊಡ್ಡ ತಿರುವು 1961ರಲ್ಲಿ ಬಂತು. ಮ್ಯಾಡ್ರಿಡ್‌ನಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ಕೆಲಸ ಮಾಡಿದ ಹುವಾನ್ ಎಂ. ಲೋಪೆ ಬ್ಲಾಂಕ್ ಮೆಕ್ಸಿಕೊದ ಭೂತರೂಪಗಳ ಬಗ್ಗೆ ಪ್ರಕಟಿಸಿದ ಲೇಖನ, ಅಲ್ಲಿನವರು ಸಂಯುಕ್ತ ರೂಪವನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬ ಮಾತನ್ನು ಅಲ್ಲಗಳೆಯಿತು. ಮೆಕ್ಸಿಕೊದಲ್ಲಿ ಆ ರೂಪ ವಿರಳ, ಆದರೆ ಅದಕ್ಕೆ ತನ್ನದೇ ಕೆಲಸವಿದೆ. 'ಈ ವರ್ಷ ತುಂಬ ಪ್ರಯಾಣ ಮಾಡಿದೆ' ಎಂಬುದನ್ನು ಸರಳ ರೂಪದಲ್ಲಿ ಹೇಳಿದರೆ, ವರ್ಷ ಇನ್ನೂ ಮುಗಿಯದಿದ್ದರೂ ಪ್ರಯಾಣಗಳು ಮುಗಿದವು ಎಂದರ್ಥ. ಸಂಯುಕ್ತದಲ್ಲಿ ಹೇಳಿದರೆ ಆ ಓಡಾಟ ಇನ್ನೂ ನಡೆದಿದೆ, ನಾಳೆಯೂ ಹೊರಡಬಹುದು ಎಂದರ್ಥ. ಅಂದರೆ ಅಲ್ಲಿ ಭೇದ ಕಾಲದ ದೂರದ್ದಲ್ಲ, ಕ್ರಿಯೆ ಮುಗಿದಿದೆಯೋ ಮುಂದುವರಿದಿದೆಯೋ ಎಂಬುದರದ್ದು. ಹಾಗಾಗಿ ಐದು ನಿಮಿಷದ ಹಿಂದಿನ ಊಟದ ಬಗ್ಗೆಯೂ ಮೆಕ್ಸಿಕೊದವರು 'ಯಾ ಕೊಮಿಸ್ತೆ?' ಎಂದು ಸರಳ ರೂಪದಲ್ಲೇ ಕೇಳುತ್ತಾರೆ. ಅದೇ ಪ್ರಶ್ನೆ ಮ್ಯಾಡ್ರಿಡ್‌ನ ಮನೆಯಲ್ಲಿ 'ಯಾ ಆಸ್ ಕೊಮೀದೊ?' ಆಗುತ್ತದೆ. 'ಅವನು ಇನ್ನೂ ಬಂದಿಲ್ಲ' ಎನ್ನಲು ಮ್ಯಾಡ್ರಿಡ್‌ನವರು ಸಂಯುಕ್ತ ರೂಪ ಬಳಸಿದರೆ, ಮೆಕ್ಸಿಕೊದವರು ಅನೇಕ ಸಲ ವರ್ತಮಾನ ರೂಪವನ್ನೇ ಬಳಸುವುದರಿಂದ ಈ ಎರಡು ರೂಪಗಳ ಲೆಕ್ಕದಲ್ಲಿ ಆ ವಾಕ್ಯ ಬರುವುದೇ ಇಲ್ಲ.

ಈ ಭಿನ್ನತೆಗಳನ್ನೆಲ್ಲ ಒಂದೇ ಏಣಿಯಲ್ಲಿ ಜೋಡಿಸಿದವರು ಬ್ರಿಟಿಷ್ ಭಾಷಾವಿಜ್ಞಾನಿ ಮಾರ್ಟಿನ್ ಹ್ಯಾರಿಸ್. 1982ರ ಅವರ ಪ್ರಬಂಧ ಲ್ಯಾಟಿನ್ ಮೂಲದ ಭಾಷೆಗಳನ್ನು ನಾಲ್ಕು ಹಂತಗಳಲ್ಲಿ ಇಟ್ಟಿತು. ದಕ್ಷಿಣ ಇಟಲಿಯ ಕೆಲವು ಉಪಭಾಷೆಗಳು ಮೊದಲ ಹಂತದಲ್ಲಿ, ಪೋರ್ಚುಗೀಸ್ ಮತ್ತು ಅಮೆರಿಕದ ಹಲವು ಸ್ಪ್ಯಾನಿಷ್ ಬಗೆಗಳು ಎರಡನೆಯದರಲ್ಲಿ, ಸ್ಪೇನ್‌ನ ಪ್ರಮಾಣ ಭಾಷೆ ಮೂರನೆಯದರಲ್ಲಿ, ಸಂಯುಕ್ತ ರೂಪವೇ ಸರಳ ರೂಪವನ್ನು ಮಾತಿನಿಂದ ಹೊರದೂಡಿದ ಫ್ರೆಂಚ್ ನಾಲ್ಕನೆಯದರಲ್ಲಿ. ಫ್ರೆಂಚ್‌ನ ಪೂರ್ವವೃತ್ತಾಂತ ಇಲ್ಲಿ ಪ್ರಭಾವ ಬೀರಿತು. 1660ರ ಪೋರ್ ರೊಯಾಲ್ ವ್ಯಾಕರಣ, ಮಾತಾಡುವ ದಿನದಲ್ಲೇ ನಡೆದದ್ದಕ್ಕೆ ಸರಳ ರೂಪ ಸಲ್ಲದು ಎಂದಿತ್ತು. ಮುಂದೆ ಆ ಒಂದು ದಿನದ ಬೇಲಿ ಮುರಿದು ಸಂಯುಕ್ತ ರೂಪ ನಿನ್ನೆಗೂ, ಹೋದ ವರ್ಷಕ್ಕೂ ಹರಡಿತು. ಸ್ಪೇನ್ ಕೂಡ ಅದೇ ದಾರಿಯಲ್ಲಿ ಹೆಜ್ಜೆ ಇಡುತ್ತಿದೆ ಎಂಬ ಊಹೆಗೆ ಸ್ಕಾಟ್ ಶ್ವೆಂಟರ್ 1994ರಲ್ಲಿ ಅಲಿಕಾಂತೆ ನಗರದ ಮಾತಿನಿಂದ ಆಧಾರ ಒದಗಿಸಿದರು. ಅಲ್ಲಿ ಇಂದಿನ ಘಟನೆಗಳಿಗೆ ಸಂಯುಕ್ತ ರೂಪವೇ ವಾಡಿಕೆ. 'ಇಂದು ಬೆಳಿಗ್ಗೆ ಎದ್ದೆ, ಕಾಫಿ ಕುಡಿದೆ, ಬಸ್ಸು ಹತ್ತಿದೆ' ಎಂಬ ಸರಣಿ ಕಥನ ಕೂಡ ಅದರಲ್ಲೇ ಸಾಗುತ್ತಿತ್ತು.

ಆದರೆ ಬದಲಾವಣೆ ಹೊಕ್ಕ ಬಾಗಿಲು ಯಾವುದು ಎಂಬ ಪ್ರಶ್ನೆಗೆ ಬೇರೆ ಉತ್ತರ ಬಂದದ್ದು 2008ರಲ್ಲಿ. ಶ್ವೆಂಟರ್ ಮತ್ತು ರೇನಾ ತೊರ್ರೆಸ್ ಕಾಕುಲ್ಲೋಸ್ ಸ್ಪೇನ್ ಮತ್ತು ಮೆಕ್ಸಿಕೊದ ಸಂಭಾಷಣೆಗಳಲ್ಲಿ ಎರಡರಲ್ಲಿ ಯಾವ ರೂಪವಾದರೂ ಬರಬಹುದಾದ ವಾಕ್ಯಗಳನ್ನೆಲ್ಲ ಆಯ್ದು ಹೋಲಿಸಿದರು. ಒಟ್ಟಾರೆ ಸ್ಪೇನ್‌ನ ವಾಕ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಯುಕ್ತವಾಗಿದ್ದವು, ಮೆಕ್ಸಿಕೊದಲ್ಲಿ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಒಟ್ಟು ಸಂಖ್ಯೆಗಿಂತ ಅವರ ವಿಂಗಡಣೆ ಹೆಚ್ಚು ತಿಳಿಸುತ್ತದೆ. ಪ್ರತಿ ವಾಕ್ಯಕ್ಕೂ 'ಯಾವಾಗ?' ಎಂಬ ಪ್ರಶ್ನೆ ಹಾಕಿ ನೋಡುವುದು ಅದರ ಕ್ರಮ.

ಕಾರಿನ ಉದಾಹರಣೆ ತೆಗೆದುಕೊಳ್ಳಬಹುದು. 'ನಾನೆಂದೂ ಕಾರು ಮಾರಿಲ್ಲ' ಎಂಬಲ್ಲಿ 'ಯಾವಾಗ?' ಎಂದು ಕೇಳುವುದೇ ಅಸಂಬದ್ಧ. ಇಲ್ಲಿ ಎರಡೂ ದೇಶಗಳಲ್ಲಿ ಸಂಯುಕ್ತ ರೂಪ ಬರುತ್ತದೆ. ಮೆಕ್ಸಿಕೊದಲ್ಲಿ ಅದು ಉಳಿದುಕೊಂಡಿರುವ ಮುಖ್ಯ ನೆಲೆಗಳಲ್ಲಿ ಇದೂ ಒಂದು. 'ಕಾರನ್ನು ಶನಿವಾರ ಮಾರಿದೆ' ಎಂಬಲ್ಲಿ ದಿನ ಖಚಿತ, ಅದು ಇಂದಲ್ಲ. ಇಲ್ಲಿ ಎರಡೂ ಕಡೆ ಸರಳ ರೂಪದ್ದೇ ಮೇಲುಗೈ. ಇನ್ನು 'ಕಾರು ಮಾರಿದೆ' ಎಂದಷ್ಟೇ ಹೇಳಿದರೆ ಅದು ಇವತ್ತು ಬೆಳಿಗ್ಗೆಯೋ ಎರಡು ತಿಂಗಳ ಹಿಂದೆಯೋ ಗೊತ್ತಾಗುವುದಿಲ್ಲ. 'ಯಾವಾಗ?' ಎಂದು ಕೇಳಬಹುದು, ಆದರೆ ಹೇಳುವವನಿಗೂ ಕೇಳುವವನಿಗೂ ಅದು ಬೇಕಾಗಿಲ್ಲ. ಎರಡು ದೇಶಗಳು ಬೇರೆಯಾಗುವ ಒಂದು ಮುಖ್ಯ ಜಾಗ ಇದು. ಮ್ಯಾಡ್ರಿಡ್‌ನವನ ಬಾಯಲ್ಲಿ 'ಎ ವೆಂದೀದೊ ಎಲ್ ಕೋಚೆ' ಎಂಬ ಸಂಯುಕ್ತವೂ ಮೆಕ್ಸಿಕೊದವನ ಬಾಯಲ್ಲಿ 'ವೆಂದೀ ಎಲ್ ಕೋಚೆ' ಎಂಬ ಸರಳವೂ ತಾವಾಗಿ ಬರುತ್ತವೆ. ಇಂದು ನಡೆದದ್ದಕ್ಕೆ ಸ್ಪೇನ್‌ನಲ್ಲಿ ಸಂಯುಕ್ತವೇ ಬರುತ್ತದೆ ಎಂಬುದನ್ನು ಈ ಅಧ್ಯಯನವೂ ಖಚಿತಪಡಿಸಿತು. ಆದರೆ ಅದು ಗಂಟೆಯಿಂದ ದಿನಕ್ಕೆ, ದಿನದಿಂದ ವಾರಕ್ಕೆ ಮೆಲ್ಲನೆ ಹಿಗ್ಗುತ್ತಿದೆ ಎಂಬ ಚಿತ್ರಕ್ಕಿಂತ, ತೇದಿ ಹೇಳದ ವಾಕ್ಯಗಳಲ್ಲಿ ಅದೇ ಸಹಜ ಆಯ್ಕೆಯಾಗಿ ನೆಲೆಗೊಂಡಿದೆ ಎಂಬ ಚಿತ್ರ ದಾಖಲೆಗೆ ಹೆಚ್ಚು ಹೊಂದಿತು. ದಿನನಿತ್ಯದ ಮಾತಿನಲ್ಲಿ ತೇದಿ ಹೇಳದ ವಾಕ್ಯಗಳೇ ಹೇರಳ. ಪಠ್ಯಪುಸ್ತಕಗಳು ಅಭ್ಯಾಸಕ್ಕೆ ಕೊಡುವುದು ಮಾತ್ರ 'ಇಂದು', 'ನಿನ್ನೆ' ಅಂಟಿಸಿದ ವಾಕ್ಯಗಳನ್ನು.

ಆಂಡೀಸ್ ಪ್ರದೇಶ ಈ ಏಣಿಯ ಯಾವ ಮೆಟ್ಟಿಲಿಗೂ ಸುಲಭವಾಗಿ ಒಗ್ಗುವುದಿಲ್ಲ. ಮುಖ್ಯ ನಗರಗಳ ಸುಶಿಕ್ಷಿತರ ಮಾತನ್ನು ಒಂದೇ ಕ್ರಮದಲ್ಲಿ ಮುದ್ರಿಸಿಕೊಳ್ಳುವ ಯೋಜನೆಯೊಂದು ಲೋಪೆ ಬ್ಲಾಂಕ್ ಅವರ ಪ್ರಸ್ತಾವದಿಂದ 1964ರಲ್ಲಿ ಶುರುವಾಗಿತ್ತು. ಅದರ ಸಾಮಗ್ರಿಯಲ್ಲಿ ಜಾರ್ಜ್ ಡಿಮೆಲ್ಲೊ 'ನಿನ್ನೆ ಹುವಾನ್‌ನನ್ನು ನೋಡಿದ್ದೇನೆ' ಎಂಬ ಬಗೆಯ, ಮುಗಿದ ಕಾಲಕ್ಕೆ ಸಂಯುಕ್ತ ರೂಪ ಸೇರಿದ ವಾಕ್ಯಗಳನ್ನು ಹುಡುಕಿ 1994ರಲ್ಲಿ ಪ್ರಕಟಿಸಿದರು. ಮ್ಯಾಡ್ರಿಡ್ ಜೊತೆಗೆ ಪೆರುವಿನ ಲಿಮಾ, ಬೊಲಿವಿಯಾದ ಲಾ ಪಾಸ್ ಎದ್ದು ಕಂಡವು. (ಕನ್ನಡದಲ್ಲಿ 'ನಿನ್ನೆಯೇ ದುಡ್ಡು ಕೊಟ್ಟಿದ್ದೇನೆ' ಎಂಬುದು ಯಾರ ಕಿವಿಗೂ ತಪ್ಪಾಗಿ ಕೇಳಿಸದು; ಪಠ್ಯಪುಸ್ತಕದ ನಿಯಮ ನಮ್ಮ ಕಲಿಯುವವರಿಗೆ ತೊಡಕಾಗುವುದು ಇದರಿಂದಲೇ.) ಹ್ಯಾರಿಸ್‌ನ ಏಣಿಯ ಪ್ರಕಾರ ಈ ಎರಡು ನಗರಗಳು ಮ್ಯಾಡ್ರಿಡ್ಡಿನ ಜೊತೆಗೋ ಅದಕ್ಕಿಂತ ಮುಂದೆಯೋ ಇರಬೇಕಿತ್ತು. ಆದರೆ 2003ರಲ್ಲಿ ಚ್ಯಾಡ್ ಹೋ ಮತ್ತು ಶ್ವೆಂಟರ್ ಮೂರೂ ನಗರಗಳನ್ನು ಹೋಲಿಸಿ, ಆಂಡೀಸ್‌ನ ಬಳಕೆ 'ಇಂದಿನದು' ಎಂಬ ಹಂತವನ್ನು ಹಾದು ಬಂದದ್ದಲ್ಲ, ಅದರ ದಾರಿಯೇ ಬೇರೆ ಎಂದು ವಾದಿಸಿದರು. ಹೋ 2013ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ಪೆರುವಿನ ಸಾಮಗ್ರಿಯೊಂದಿಗೆ ಬೆಳೆಸಿದ್ದಾರೆ.

ಬೇರೆ ದಾರಿಗೆ ಕಾರಣ ನೆರೆಯ ಭಾಷೆಗಳೇ ಎಂಬುದು ಇನ್ನೊಂದು ವಾದ. ಕ್ವೆಚುವಾದಲ್ಲಿ ತಾನೇ ಕಂಡ ಭೂತಕ್ಕೆ ಒಂದು ಪ್ರತ್ಯಯ, ಇತರರಿಂದ ಕೇಳಿದ್ದಕ್ಕೆ ಅಥವಾ ಆಮೇಲೆ ಅರಿವಿಗೆ ಬಂದದ್ದಕ್ಕೆ ಇನ್ನೊಂದು. ಐಮಾರಾದಲ್ಲೂ ಇಂಥ ಭೇದವಿದೆ. ಲಾ ಪಾಸ್‌ನ ಸ್ಪ್ಯಾನಿಷ್‌ನಲ್ಲಿ ಈ ಎರಡನೆಯ ಕೆಲಸವನ್ನು 'ಬಂದಿದ್ದ' ಎಂಬಂಥ ಪೂರ್ವಭೂತ ರೂಪ ಹೊತ್ತುಕೊಂಡಿದೆ: ತಾನು ಕಾಣದ ಆಗಮನವನ್ನು ತಿಳಿಸುವಾಗ ಅಲ್ಲಿನವರು ಅದನ್ನು ಬಳಸುತ್ತಾರೆ. ಎಕ್ವಡಾರ್‌ನ ಕೀಟೊದಲ್ಲಿ ಅದೇ ಬಗೆಯ ಕೆಲಸ ಸಂಯುಕ್ತ ರೂಪಕ್ಕೇ ಬಂದಿದೆ. ಬಾಗಿಲು ತೆರೆದವನು 'ಓಹೋ, ನೀನಾ!' ಎಂದು ಅಚ್ಚರಿಪಡುವಾಗ 'ಆ ಸೀದೊ' ಎನ್ನಬಹುದು. ಪೂರ್ವಭೂತದ ವಿಷಯದಲ್ಲಿ ನೆರೆಭಾಷೆಯ ಪ್ರಭಾವವನ್ನು ಒಪ್ಪುವವರು ಹೆಚ್ಚು. ಲಿಮಾದ 'ನಿನ್ನೆ' ವಾಕ್ಯಗಳಿಗೂ ಅದನ್ನೇ ಕಾರಣವಾಗಿ ಹಿಡಿಯುವುದು ಅಷ್ಟು ಸರಾಗವಲ್ಲ, ಏಕೆಂದರೆ ಕ್ವೆಚುವಾ ಅರಿಯದವರಲ್ಲೂ ಅವು ಸಿಗುತ್ತವೆ.

ಸ್ಪೇನ್‌ನೊಳಗಿನ ಗಡಿಗಳ ಕಥೆ ಇಷ್ಟು ವಿವಾದದ್ದಲ್ಲ. ಗಲಿಸಿಯಾ, ಅಸ್ತೂರಿಯಸ್‌ಗಳಲ್ಲಿ ಸ್ಥಳೀಯ ಗಲಿಸಿಯನ್, ಅಸ್ತೂರಿಯನ್ ಭಾಷೆಗಳಿಗೆ ಇಂಥ ಸಂಯುಕ್ತ ರೂಪವೇ ಇಲ್ಲದ ಕಾರಣ ಅಲ್ಲಿನವರ ಸ್ಪ್ಯಾನಿಷ್‌ನಲ್ಲೂ ಇಂದು ಬೆಳಿಗ್ಗೆ ಕೊಂಡ ಬ್ರೆಡ್ಡಿಗೆ 'ಕೊಂಪ್ರೆ' ಎಂಬ ಸರಳ ರೂಪವೇ ಬರುತ್ತದೆ. ಲೆಯೋನ್‌ನ ಪಶ್ಚಿಮದಲ್ಲೂ ಕ್ಯಾನರಿ ದ್ವೀಪಗಳಲ್ಲೂ ಸರಳ ರೂಪಕ್ಕೇ ಒಲವು. ಅರ್ಜೆಂಟೀನಾದೊಳಗೂ ಇಂಥ ಒಡಕಿದೆ. ಬ್ಯೂನಸ್ ಐರಿಸ್‌ನ ಆಡುಮಾತಿನಲ್ಲಿ ಸಂಯುಕ್ತ ರೂಪ ಅಪರೂಪ, ಔಪಚಾರಿಕ ಬರಹದಲ್ಲಿ ಅದು ಹೆಚ್ಚು ಕಾಣುತ್ತದೆ. ವಾಯವ್ಯದ ತುಕುಮಾನ್, ಸಾಲ್ತಾ ಪ್ರಾಂತ್ಯಗಳ ಬಳಕೆ ಗಡಿಯಾಚೆಯ ಬೊಲಿವಿಯಾಕ್ಕೆ ಹತ್ತಿರ.

ಸ್ಪೇನ್‌ನ ರಾಯಲ್ ಅಕಾಡೆಮಿ ಮತ್ತು ಇತರ ದೇಶಗಳ ಅಕಾಡೆಮಿಗಳು ಸೇರಿ 2009ರಲ್ಲಿ ಹೊರತಂದ ಹೊಸ ವ್ಯಾಕರಣ ಈ ಎಲ್ಲ ಬಳಕೆಗಳನ್ನು ಪ್ರದೇಶವಾರು ವಿವರಿಸುತ್ತದೆ, ಯಾವುದನ್ನೂ ತಪ್ಪು ಎನ್ನುವುದಿಲ್ಲ. ಅದು ಅಕಾಡೆಮಿಯ ಹೆಸರುಗಳ ಪಕ್ಕದಲ್ಲೇ ಬೆಯೊ 1847ರಲ್ಲಿ ಇಟ್ಟ ಹೆಸರುಗಳನ್ನೂ ಕೊಟ್ಟಿದೆ.