ಕೆಲಸವೂ ಉಂಟು, ಕನ್ಸಲ್ಟಿಂಗೂ ಉಂಟು: ರೆಸ್ಯೂಮೆಯಲ್ಲಿ ಎರಡನ್ನೂ ಬರೆಯುವುದು ಹೇಗೆ?

ಹಗಲು ಕಂಪೆನಿಯಲ್ಲಿ ಕೆಲಸ, ರಾತ್ರಿ ಮತ್ತು ರಜಾ ದಿನಗಳಲ್ಲಿ ಸ್ವಂತ ಕನ್ಸಲ್ಟಿಂಗ್. ಹೀಗೆ ದುಡಿಯುವ ಯುವಕ ಯುವತಿಯರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ತೊಂದರೆ ಶುರುವಾಗುವುದು ಎರಡನ್ನೂ ಒಂದೇ ರೆಸ್ಯೂಮೆಯಲ್ಲಿ ಬರೆಯುವಾಗ.

ಒಂದು ಉದಾಹರಣೆ ನೋಡಬಹುದು. ಉಪ್ಪಳದ ಯುವಕನೊಬ್ಬ 2021ರ ಜುಲೈಯಿಂದ ಮಂಗಳೂರಿನ ಒಂದು ಕಂಪೆನಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಎಂದಿಟ್ಟುಕೊಳ್ಳೋಣ. 2023ರ ಮಾರ್ಚ್‌ನಿಂದ ಕುಂಬಳೆ, ಮಂಜೇಶ್ವರದ ಅಂಗಡಿಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಲೆಕ್ಕದ ವ್ಯವಸ್ಥೆ ಮಾಡಿಕೊಡುತ್ತಾನೆ. 2025ರ ಜುಲೈಯಲ್ಲಿ ಹೊಸ ಕೆಲಸಕ್ಕೆ ಅರ್ಜಿ ಹಾಕುವಾಗ ಅವನು ಬರೆದದ್ದು ಹೀಗೆ:

"ಸ್ಥಾಪಕ ಮತ್ತು ಸಿಇಒ, ರಿಟೇಲ್ ಸೊಲ್ಯೂಷನ್ಸ್, 2023ರಿಂದ ಇಂದಿನವರೆಗೆ. ಸಾಫ್ಟ್‌ವೇರ್ ಇಂಜಿನಿಯರ್, 2021ರಿಂದ ಇಂದಿನವರೆಗೆ. ಒಟ್ಟು ಅನುಭವ 6 ವರ್ಷ."

ಇದನ್ನು ಓದಿದ ಎಚ್‌ಆರ್‌ಗೆ ಮೂರು ಸಂಶಯ ಬರುತ್ತದೆ. ಇವನು ಕೆಲಸ ಬಿಟ್ಟು ಸ್ವಂತ ಕಂಪೆನಿ ಮಾಡಿದ್ದಾನಾ? ನಮ್ಮಲ್ಲಿ ಸೇರಿದರೆ ಸಮಯ ಯಾರಿಗೆ ಕೊಡುತ್ತಾನೆ? 2021ರಿಂದ ಲೆಕ್ಕ ಹಾಕಿದರೆ 4 ವರ್ಷ, 6 ಎಲ್ಲಿಂದ ಬಂತು? ಎರಡು ಕೆಲಸ ಒಟ್ಟಿಗೇ ನಡೆದ ತಿಂಗಳುಗಳನ್ನು ಎರಡು ಸಲ ಕೂಡಿಸಿದ್ದೇ ಇಲ್ಲಿನ ದೊಡ್ಡ ತಪ್ಪು. ಉಳಿದದ್ದೆಲ್ಲ ನಿಜವಾದರೂ ಈ ಒಂದು ಲೆಕ್ಕದಿಂದ ಇಡೀ ರೆಸ್ಯೂಮೆಯ ಮೇಲಿನ ನಂಬಿಕೆ ಹೋಗುತ್ತದೆ.

ಸರಿಯಾಗಿ ಬರೆದರೆ ಅದೇ ವಿಷಯ ಹೀಗಿರುತ್ತದೆ:

"ಉದ್ಯೋಗ: ಸಾಫ್ಟ್‌ವೇರ್ ಇಂಜಿನಿಯರ್ (ಪೂರ್ಣಾವಧಿ), ಜುಲೈ 2021ರಿಂದ ಇಂದಿನವರೆಗೆ.

ಸ್ವತಂತ್ರ ಕನ್ಸಲ್ಟಿಂಗ್ (ಅರೆಕಾಲಿಕ, ಕಚೇರಿ ಸಮಯದ ಹೊರಗೆ, ಕಂಪೆನಿಯ ಲಿಖಿತ ಅನುಮತಿಯೊಂದಿಗೆ), ಮಾರ್ಚ್ 2023ರಿಂದ ಇಂದಿನವರೆಗೆ. ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ವ್ಯವಸ್ಥೆ.

ಒಟ್ಟು ಅನುಭವ 4 ವರ್ಷ."

ಸಂಬಳದ ಕೆಲಸ ಮೊದಲು, ಕನ್ಸಲ್ಟಿಂಗ್ ಬೇರೆ ಶೀರ್ಷಿಕೆಯಡಿ. ತಿಂಗಳು, ವರ್ಷ ಎರಡೂ ಇರಬೇಕು. ಕನ್ಸಲ್ಟಿಂಗ್ ಶುರುವಾದ ತಿಂಗಳೆಂದರೆ ಮೊದಲ ಬಿಲ್ ಕೊಟ್ಟ ತಿಂಗಳು, ಯೋಚನೆ ಬಂದ ತಿಂಗಳಲ್ಲ. ಒಬ್ಬನೇ ಮಾಡುವ ಕೆಲಸಕ್ಕೆ 'ಸಿಇಒ' ಎಂಬ ಹುದ್ದೆ ಬೇಡ, 'ಕನ್ಸಲ್ಟೆಂಟ್' ಸಾಕು. ಲಿಂಕ್ಡ್‌ಇನ್‌ನಲ್ಲಿ `Employment type` ಎಂಬ ಜಾಗದಲ್ಲಿ ಕೆಲಸಕ್ಕೆ `Full-time`, ಕನ್ಸಲ್ಟಿಂಗ್‌ಗೆ `Self-employed` ಅಥವಾ `Freelance` ಆರಿಸಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಹೊಸ ಕಂಪೆನಿ ಹಿನ್ನೆಲೆ ಪರಿಶೀಲಿಸುವಾಗ ಪಿಎಫ್‌ನ ಯುಎಎನ್ ದಾಖಲೆ ಕೇಳುವುದುಂಟು. ಅದರಲ್ಲಿ ಪಿಎಫ್ ಕಟ್ಟುವ ಸಂಬಳದ ಕೆಲಸ ಮಾತ್ರ ಕಾಣುತ್ತದೆ, ಸ್ವಂತ ಕನ್ಸಲ್ಟಿಂಗ್ ಕಾಣುವುದಿಲ್ಲ. ಕನ್ಸಲ್ಟಿಂಗನ್ನು ಇನ್ನೊಂದು ಉದ್ಯೋಗದಂತೆ ಬರೆದರೆ ಆ ಸಾಲು ದಾಖಲೆಗೆ ಹೊಂದದೆ ಸುಳ್ಳಿನ ಹಾಗೆ ತೋರುತ್ತದೆ.

ಆದರೆ ಇದಕ್ಕೆಲ್ಲ ಮೊದಲು ನೋಡಬೇಕಾದದ್ದು ನೇಮಕಾತಿ ಪತ್ರ. ಹೊರಗಿನ ಸಂಪಾದನೆಯ ಕೆಲಸ ಮಾಡಬಾರದು, ಅಥವಾ ಅನುಮತಿ ಇಲ್ಲದೆ ಮಾಡಬಾರದು ಎಂಬ ಷರತ್ತು ಅನೇಕ ಕಂಪೆನಿಗಳ ಪತ್ರದಲ್ಲಿರುತ್ತದೆ. ಅಂಥಲ್ಲಿ ಎಚ್‌ಆರ್‌ಗೆ ಇಮೇಲ್ ಬರೆದು ಯಾವ ಕೆಲಸ, ಎಂಥ ಗ್ರಾಹಕರು, ವಾರಕ್ಕೆ ಎಷ್ಟು ಗಂಟೆ ಎಂದು ತಿಳಿಸಬೇಕು. ಕಂಪೆನಿಯ ಲ್ಯಾಪ್‌ಟಾಪ್, ಕೋಡ್, ಗ್ರಾಹಕರ ಪಟ್ಟಿ ಮುಟ್ಟುವುದಿಲ್ಲ ಎಂದೂ ಹೇಳಬೇಕು. ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಬಾಯಿ ಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನ ಉಳಿಯುವುದಿಲ್ಲ. ಅನುಮತಿ ಸಿಗದಿದ್ದರೆ ರೆಸ್ಯೂಮೆಯ ಯಾವ ಜಾಣ್ಮೆಯೂ ಅದನ್ನು ಸರಿಪಡಿಸದು. ಆಗ ಉಳಿಯುವುದು ಎರಡರಲ್ಲಿ ಒಂದನ್ನು ಬಿಡುವುದು ಮಾತ್ರ.

ಯುಎಇಯಲ್ಲಿರುವವರಿಗೆ ಕಂಪೆನಿಯ ಒಪ್ಪಿಗೆಯಷ್ಟೇ ಸಾಲದು. ಅಲ್ಲಿ ಇನ್ನೊಂದು ಕೆಲಸಕ್ಕೆ ಅರೆಕಾಲಿಕ ಅಥವಾ ಫ್ರೀಲಾನ್ಸ್ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ದುಡಿದರೆ ಕಾನೂನು ಉಲ್ಲಂಘನೆಯಾಗುತ್ತದೆ.

ಗ್ರಾಹಕರ ಕಡೆಯ ಗೊಂದಲ ಬೇರೆಯೇ. ಯುವಕ ತನ್ನ ಕೊಟೇಶನ್‌ನಲ್ಲಿ ಕಂಪೆನಿಯ ಹೆಸರನ್ನೋ ಕಂಪೆನಿಯ ಇಮೇಲನ್ನೋ ಹಾಕಿದರೆ, ಇದು ಆ ಕಂಪೆನಿಯದ್ದೇ ಕೆಲಸ, ಹಾಳಾದರೆ ಅವರೇ ಜವಾಬ್ದಾರರು ಎಂದು ಅಂಗಡಿಯವರು ತಿಳಿಯುತ್ತಾರೆ. ಹಾಗಾಗಿ ಕೊಟೇಶನ್, ಬಿಲ್, ಬ್ಯಾಂಕ್ ಖಾತೆ ಎಲ್ಲವೂ ಅವನ ಸ್ವಂತ ಹೆಸರಿನಲ್ಲೇ ಇರಬೇಕು. ಕೆಳಗೆ ಒಂದು ಸಾಲು ಸೇರಿಸಬೇಕು: "ನಾನು ಬೇರೆಡೆ ಪೂರ್ಣಾವಧಿ ಉದ್ಯೋಗಿ. ಫೋನ್‌ಗೆ ಸಿಗುವುದು ಸಂಜೆ 7ರಿಂದ 9, ಮತ್ತು ಭಾನುವಾರ." ಶನಿವಾರ ಬೆಳಗ್ಗೆ 11ಕ್ಕೆ ಬಿಲ್ಲಿಂಗ್ ನಿಂತರೆ ಯಾರು ನೋಡುತ್ತಾರೆ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಇದನ್ನು ಕೇಳಿ ಒಬ್ಬಿಬ್ಬರು ಗ್ರಾಹಕರು ಬೇರೆಯವರನ್ನು ಹುಡುಕಿಯಾರು. ಆದರೆ ಉಳಿದವರು ಕಚೇರಿ ಸಮಯದಲ್ಲಿ ಫೋನ್ ಎತ್ತಲಿಲ್ಲವೆಂದು ಜಗಳಕ್ಕೆ ಬರುವುದಿಲ್ಲ.