ಆಸ್ಪತ್ರೆಗೆ ಕೊಟ್ಟ ದೂರಿಗೆ ಉತ್ತರ ಬಂದಿಲ್ವಾ? ಮೆಡಿಕಲ್ ಕೌನ್ಸಿಲ್‌ಗೆ ದೂರು ಬರೆಯೋದು ಹೀಗೆ

ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಆಗಿದೆ ಅನ್ನೋ ಅನುಮಾನ ಬಂದಾಗ ನಮ್ಮ ಕಡೆ ಮೊದಲು ನಡೆಯೋದು ಕೌಂಟರ್ ಮುಂದೆ ಜಗಳ. ಆಮೇಲೆ ಆಸ್ಪತ್ರೆಯವರು "ಬರೆದು ಕೊಡಿ, ನೋಡ್ತೀವಿ" ಅಂತಾರೆ. ಬರೆದು ಕೊಟ್ಟ ಮೇಲೂ ತಿಂಗಳುಗಟ್ಟಲೆ ಉತ್ತರ ಬರದಿದ್ದರೆ ಮುಂದಿನ ಬಾಗಿಲು ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್.

ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಕೌನ್ಸಿಲ್ ವಿಚಾರಣೆ ಮಾಡೋದು ವೈದ್ಯರನ್ನು, ಆಸ್ಪತ್ರೆ ಕಟ್ಟಡವನ್ನಲ್ಲ. ತಪ್ಪು ಸಾಬೀತಾದರೆ ಎಚ್ಚರಿಕೆ ಕೊಡಬಹುದು, ಇಂತಿಷ್ಟು ಕಾಲ ನೋಂದಣಿ ಪಟ್ಟಿಯಿಂದ ಹೆಸರು ತೆಗೆಯಬಹುದು. ಪರಿಹಾರದ ದುಡ್ಡು ಕೊಡಿಸೋದಿಲ್ಲ. ದುಡ್ಡು ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಖಾಸಗಿ ಆಸ್ಪತ್ರೆಯ ಬಿಲ್ಲು, ಲೈಸೆನ್ಸು, ಸೌಲಭ್ಯದ ತಕರಾರಿದ್ದರೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ. ಆಯುರ್ವೇದ ವೈದ್ಯರು, ದಂತ ವೈದ್ಯರು ಮೆಡಿಕಲ್ ಕೌನ್ಸಿಲ್ ವ್ಯಾಪ್ತಿಗೆ ಬರೋದಿಲ್ಲ, ಅವರಿಗೆ ಬೇರೆ ಮಂಡಳಿಗಳಿವೆ. ಹಾಗಾಗಿ ಚೀಟಿ ಮೇಲಿರೋ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಮೊದಲು ನೋಡಿಕೊಳ್ಳಬೇಕು. ಆ ಸಂಖ್ಯೆ ಚೀಟಿಯಲ್ಲಿ ಇರಲೇಬೇಕು ಅಂತ ನಿಯಮವೇ ಇದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಗಡಿಯವರೊಬ್ಬರ ಕೈಗೆ ಶೋಕೇಸ್ ಗಾಜು ಒಡೆದು ಗಾಯ ಆಗುತ್ತೆ. ಮಾರ್ಚ್ 4ಕ್ಕೆ ಖಾಸಗಿ ಆಸ್ಪತ್ರೆಯಲ್ಲಿ 5 ಹೊಲಿಗೆ ಹಾಕಿಸಿಕೊಳ್ತಾರೆ. ಎಕ್ಸ್‌ರೇ ತೆಗೆಯಲ್ಲ. ಮಾರ್ಚ್ 11ಕ್ಕೆ ಕೀವು ತುಂಬಿದೆ ಅಂತ ಹೋದರೆ ಮಾತ್ರೆ ಬದಲಿಸಿ ಕಳಿಸ್ತಾರೆ. ಮಾರ್ಚ್ 19ಕ್ಕೆ ಬೇರೆ ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಗಾಜಿನ ಚೂರು ಕಾಣುತ್ತೆ, ಮರುದಿನ ಅದನ್ನು ತೆಗೀತಾರೆ.

ಈಗ ದೂರು. "ಡಾಕ್ಟರು ದುಡ್ಡಿನಾಸೆಗೆ ನನ್ನ ಕೈ ಹಾಳು ಮಾಡಿದರು" ಅಂತ ಬರೆದರೆ ವೈದ್ಯರ ಉತ್ತರ ಒಂದೇ ಸಾಲು: ಆರೋಪ ಸುಳ್ಳು. ಅದರ ಬದಲು, "ಗಾಜಿನಿಂದ ಗಾಯ ಆಗಿದೆ ಅಂತ ಮಾರ್ಚ್ 4ರ ಒಪಿಡಿ ಚೀಟಿಯಲ್ಲೇ ಬರೆದಿದೆ (ಪ್ರತಿ 1). ಅದರಲ್ಲಿ ಎಕ್ಸ್‌ರೇಗೆ ಸೂಚಿಸಿಲ್ಲ. ಮಾರ್ಚ್ 11ರ ಚೀಟಿಯಲ್ಲಿ ಕೀವು ಇದೆ ಅಂತಿದೆ, ಆಗಲೂ ಎಕ್ಸ್‌ರೇ ಇಲ್ಲ (ಪ್ರತಿ 2). ಮಾರ್ಚ್ 19ರ ಎಕ್ಸ್‌ರೇ ವರದಿಯಲ್ಲಿ ಗಾಜಿನ ಚೂರು ಇದೆ (ಪ್ರತಿ 3)" ಅಂತ ಬರೆದರೆ ಅವರು ಒಂದೊಂದು ಸಾಲಿಗೂ ಉತ್ತರ ಕೊಡಬೇಕಾಗುತ್ತೆ. ಗಾಜು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತೆ. ಹಾಗಾಗಿ ಯಾಕೆ ತೆಗೆಸಲಿಲ್ಲ ಅನ್ನೋದೇ ಇಲ್ಲಿ ನಿಜವಾದ ಪ್ರಶ್ನೆ. "ನಿರ್ಲಕ್ಷ್ಯ" ಅನ್ನೋ ತೀರ್ಮಾನ ಕೌನ್ಸಿಲ್‌ಗೇ ಬಿಡಿ. ಗಾಯ ಕೀವಾದ ಮಾತ್ರಕ್ಕೆ ಅದು ವೈದ್ಯರ ತಪ್ಪು ಅಂತಾಗಲ್ಲ, ಒಳ್ಳೆ ಚಿಕಿತ್ಸೆ ಕೊಟ್ಟರೂ ಕೆಲವೊಮ್ಮೆ ಕೀವಾಗುತ್ತೆ.

ಬಾಯಿಮಾತಿನಲ್ಲಿ ಹೇಳಿದ್ದು, ಯಾರೋ ನರ್ಸ್ ಗುಟ್ಟಾಗಿ ಹೇಳಿದ್ದು ಇದ್ದರೆ ಬೇರೆ ಪ್ಯಾರಾದಲ್ಲಿ ಹಾಕಿ, "ಇದಕ್ಕೆ ದಾಖಲೆ ಇಲ್ಲ" ಅಂತಲೇ ಬರೆಯಿರಿ. ಕಾಗದ ಇರೋ ವಿಷಯದ ಜೊತೆ ಅದನ್ನು ಬೆರೆಸಿದರೆ ಗಟ್ಟಿ ಸಾಲೂ ಜಾಳಾಗುತ್ತೆ.

ದಾಖಲೆ ಸಿಗದಿರೋದೇ ಬಹಳ ಜನರ ಕಷ್ಟ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಾವಳಿ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅಡ್ಮಿಟ್ ಆದವರ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ಫೋನಲ್ಲಿ ಕೇಳಿದರೆ ಲೆಕ್ಕಕ್ಕಿಲ್ಲ. ಅರ್ಜಿ ಎರಡು ಪ್ರತಿ ಬರೆದು, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ದಿನ ತೋರಿಸೋ ಟ್ರ್ಯಾಕಿಂಗ್ ಪುಟದ ಪ್ರಿಂಟ್ ಇಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಮಾರ್ಚ್ 25ಕ್ಕೆ ಅರ್ಜಿ ಮತ್ತು ದೂರು, ಏಪ್ರಿಲ್ 10ಕ್ಕೆ ನೆನಪೋಲೆ, ಎರಡಕ್ಕೂ ಉತ್ತರವಿಲ್ಲ. ಹಾಗಿದ್ದರೆ ಅದೇ ಒಂದು ಸಂಗತಿ. ಕೌನ್ಸಿಲ್ ದೂರಿನಲ್ಲಿ ಅದಕ್ಕೂ ಪ್ರತಿ ಸಂಖ್ಯೆ ಕೊಟ್ಟು ಸೇರಿಸಬೇಕು. ಮೂಲ ಎಕ್ಸ್‌ರೇ, ಮೂಲ ಚೀಟಿ ಯಾರಿಗೂ ಕೊಡಬೇಡಿ, ಜೆರಾಕ್ಸ್ ಸಾಕು. ವಿಚಾರಣೆಗೆ ಕರೆದಾಗ ಮೂಲ ತೋರಿಸಿದರಾಯ್ತು.

ದೂರಿನ ಬಗ್ಗೆ 6 ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಅದೇ ನಿಯಮಾವಳಿ ಹೇಳುತ್ತೆ. ತಡವಾದರೆ ದೂರಿನ ಸಂಖ್ಯೆ, ತಾರೀಖು ಹಾಕಿ ವಿಚಾರಿಸೋ ಪತ್ರ ಕಳಿಸುತ್ತಿರಬೇಕು. ಇಲ್ಲೊಂದು ಎಡವಟ್ಟು ಆಗೋದುಂಟು. ಗ್ರಾಹಕರ ಆಯೋಗಕ್ಕೆ ಹೋಗಲು ಘಟನೆಯಿಂದ 2 ವರ್ಷ ಮಾತ್ರ ಗಡುವು. ಕೌನ್ಸಿಲ್‌ನಲ್ಲಿ ಕೇಸಿದೆ ಅಂತ ಆ ಗಡುವು ನಿಲ್ಲಲ್ಲ. ಪರಿಹಾರ ಕೇಳೋ ಯೋಚನೆ ಇದ್ದವರು ಕೌನ್ಸಿಲ್ ಆದೇಶಕ್ಕೆ ಕಾಯದೆ, ಎರಡೂ ಕಡೆ ಅದೇ ದಾಖಲೆಗಳ ಎರಡು ಸೆಟ್ ಇಟ್ಟು ಅರ್ಜಿ ಹಾಕಬಹುದು.